ನೆಗೆಟಿವ್ ಮಾರ್ಕಿಂಗ್ ಇರುವ ವ್ಯಾಕರಣ ಪತ್ರಿಕೆ: ಎರಡು ಆಯ್ಕೆಗೆ ಇಳಿಸಿದ ಮೇಲೂ ತಪ್ಪೇ ಆಗುತ್ತಿದೆ

ಕಿರಣ

ಎಲ್ಲರಿಗೂ ನಮಸ್ಕಾರ. ಸಾಮಾನ್ಯ ಕನ್ನಡ ಪತ್ರಿಕೆಯ ಮಾಕ್ ಟೆಸ್ಟ್ ಬರೆದೆ. 100 ಪ್ರಶ್ನೆ, 90 ನಿಮಿಷ, ಒಂದು ತಪ್ಪಿಗೆ ಕಾಲು ಅಂಕ ಕಟ್. ನಾನು 96 ಪ್ರಶ್ನೆ ಮುಟ್ಟಿದೆ. 58 ಸರಿ, 38 ತಪ್ಪು. ಬಂದಿದ್ದು 48.5. ನನ್ನ ಗೆಳೆಯ 78 ಮಾತ್ರ ಮುಟ್ಟಿದ. 57 ಸರಿ, 21 ತಪ್ಪು. ಅವನಿಗೆ 51.75.

ನನಗಿಂತ ಒಂದು ಕಡಿಮೆ ಸರಿ ಮಾಡಿಯೂ ಅವನು ಮುಂದೆ. ನಾಲ್ಕರಲ್ಲಿ ಎರಡನ್ನು ಹೊಡೆದು ಹಾಕುತ್ತೇನೆ, ಉಳಿದ ಎರಡರಲ್ಲಿ ಒಂದನ್ನು ಆರಿಸುತ್ತೇನೆ. ಪ್ರತಿ ಸಲ ತಪ್ಪಾದದ್ದೇ ನನ್ನ ಪಾಲಿಗೆ ಬರುತ್ತದೆ. ಅನುಮಾನ ಇರುವುದನ್ನೆಲ್ಲ ಬಿಟ್ಟುಬಿಡಲಾ?

ಶೋಭಾ

ಬಿಟ್ಟುಬಿಡಿ. ನಾಲ್ಕು ತಪ್ಪು ಮಾಡಿದರೆ ಒಂದು ಸರಿ ಉತ್ತರ ಹೋಯಿತು ಅಂತಲೇ ಲೆಕ್ಕ. ಪೂರ್ತಿ ಗೊತ್ತಿದ್ದರೆ ಮಾತ್ರ ಪೆನ್ನು ಮುಟ್ಟಿಸಬೇಕು. ನಾನು ಯಾವಾಗಲೂ 70 ದಾಟುವುದಿಲ್ಲ. ನಿಮ್ಮ ಗೆಳೆಯ ಮಾಡಿದ್ದೇ ಸರಿ.

ಮಧು

ಸಂಧಿ ಪ್ರಕರಣಕ್ಕೆ ಯಾವ ಪುಸ್ತಕ ಒಳ್ಳೆಯದು? ನನಗೂ ಇದೇ ಸಮಸ್ಯೆ. ಎಷ್ಟು ಓದಿದರೂ ನೆನಪಿರಲ್ಲ.

ಶೋಭಾ

ಮಧು, ಇಲ್ಲಿ ಕೇಳಿರುವುದು ಅನುಮಾನ ಇರುವ ಪ್ರಶ್ನೆ ಬಿಡಬೇಕಾ ಬೇಡವಾ ಅಂತ. ಪುಸ್ತಕದ ಮಾತು ಬೇರೆ ಕಡೆ ಕೇಳಿ.

ವ್ಯಾಕರಣದ ಮೇಷ್ಟ್ರು

ಶೋಭಾ ಅವರೇ, ನಾಲ್ಕು ತಪ್ಪಿಗೆ ಒಂದು ಅಂಕ ಹೋಗುತ್ತದೆ ಅನ್ನುವುದು ನಿಜ. ಆದರೆ ಅದರಿಂದ "ಗೊತ್ತಿಲ್ಲದ್ದನ್ನು ಬಿಡಬೇಕು" ಅಂತ ಆಗುವುದಿಲ್ಲ. ಎರಡು ಆಯ್ಕೆ ಉಳಿಸಿಕೊಂಡು ಹತ್ತು ಪ್ರಶ್ನೆ ಬರೆದಿರಿ ಅಂದುಕೊಳ್ಳಿ. ಐದು ಸರಿ, ಐದು ತಪ್ಪು. ಐದು ಅಂಕ ಬಂತು, ಒಂದೂಕಾಲು ಹೋಯಿತು. ಕೈಯಲ್ಲಿ ಮೂರೂಮುಕ್ಕಾಲು ಉಳಿಯಿತು. ಬಿಟ್ಟಿದ್ದರೆ ಸೊನ್ನೆ. ಕಾಲು ಅಂಕದ ಕಡಿತ ಇರುವಾಗ ಐದರಲ್ಲಿ ಒಂದು ಸರಿ ಹೋದರೂ ನಷ್ಟವಿಲ್ಲ. ಮೂರನೇ ಒಂದು ಭಾಗ ಕಡಿತ ಇರುವ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಒಂದು ಸರಿ ಹೋಗಬೇಕು. ಅಂದರೆ ಅಲ್ಲಿ ಒಂದನ್ನೂ ಹೊಡೆಯಲಾಗದೆ ಕಣ್ಣು ಮುಚ್ಚಿ ಬರೆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಕಿರಣ್, ಗೆಳೆಯನ ಜೊತೆ ಹೋಲಿಸಿಕೊಳ್ಳಬೇಡಿ. ಅವರಿಗೆ ಗೊತ್ತಿರುವುದೇ ಬೇರೆ, ನಿಮಗೆ ಗೊತ್ತಿರುವುದೇ ಬೇರೆ. ನಿಮ್ಮ ಪ್ರಶ್ನೆಪತ್ರಿಕೆಯನ್ನೇ ತೆಗೆದುಕೊಂಡು 96 ಪ್ರಶ್ನೆಗಳನ್ನು ಮೂರು ಗುಂಪು ಮಾಡಿ. ಖಚಿತವಾಗಿ ಬರೆದದ್ದು, ಎರಡಕ್ಕೆ ಇಳಿಸಿ ಬರೆದದ್ದು, ಸುಮ್ನೆ ಬರೆದದ್ದು. ಪ್ರತಿ ಗುಂಪಿನಲ್ಲಿ ಸರಿ ಎಷ್ಟು, ತಪ್ಪು ಎಷ್ಟು ಹೇಳಿ. ಇನ್ನೊಂದು ವಿಷಯ ಮರೆಯದೆ ನೋಡಿ. ಎರಡಕ್ಕೆ ಇಳಿಸಿ ತಪ್ಪಾದ ಪ್ರಶ್ನೆಗಳಲ್ಲಿ ಸರಿ ಉತ್ತರ ಉಳಿದ ಎರಡರಲ್ಲಿ ಇತ್ತಾ, ಅಥವಾ ನೀವು ಹೊಡೆದು ಹಾಕಿದ್ದರಲ್ಲಿ ಇತ್ತಾ?

ಕಿರಣ

ಸರ್, ರಾತ್ರಿ ಕೂತು ಎಣಿಸಿದೆ. ಪುಣ್ಯಕ್ಕೆ ಪ್ರಶ್ನೆಪತ್ರಿಕೆಯ ಮೇಲೆ ಹೊಡೆದ ಗೆರೆಗಳು ಹಾಗೇ ಇದ್ದವು.

ಖಚಿತ ಅಂದುಕೊಂಡದ್ದು 52. ಅದರಲ್ಲಿ 47 ಸರಿ, 5 ತಪ್ಪು.
ಎರಡಕ್ಕೆ ಇಳಿಸಿದ್ದು 26. ಅದರಲ್ಲಿ 7 ಸರಿ, 19 ತಪ್ಪು.
ಸುಮ್ನೆ ಬರೆದದ್ದು 18. ಅದರಲ್ಲಿ 4 ಸರಿ, 14 ತಪ್ಪು.

ಆ 19 ತಪ್ಪುಗಳಲ್ಲಿ 11 ಕಡೆ ಸರಿ ಉತ್ತರವನ್ನು ನಾನೇ ಮೊದಲು ಹೊಡೆದು ಹಾಕಿದ್ದೆ. ನೋಡಿ ತುಂಬಾ ಬೇಜಾರಾಯಿತು.

ವ್ಯಾಕರಣದ ಮೇಷ್ಟ್ರು

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅನುಮಾನದ 44 ಪ್ರಶ್ನೆಗಳನ್ನು ಪೂರ್ತಿ ಬಿಟ್ಟಿದ್ದರೆ ನಿಮಗೆ ಬರುತ್ತಿದ್ದದ್ದು 45.75. ಈಗ ಬಂದಿರುವುದು 48.5. ಅಂದರೆ ಇಷ್ಟು ತಪ್ಪು ಮಾಡಿಯೂ ಬರೆದದ್ದರಿಂದ ನಿಮಗೆ ಒಳ್ಳೆಯದೇ ಆಗಿದೆ.

ಇನ್ನು 26ರ ಗುಂಪು. ಅದರಲ್ಲಿ 11 ಪ್ರಶ್ನೆಗಳಿಗೆ ಸರಿ ಉತ್ತರ ಮೊದಲೇ ಹೋಗಿತ್ತು. ಉಳಿದ 15ರಲ್ಲಿ ಸರಿ ಉತ್ತರ ಕಣ್ಣ ಮುಂದೆ ಇತ್ತು. ಅಲ್ಲಿ ನೀವು 7 ಸರಿ ಮಾಡಿದ್ದೀರಿ. ಹೆಚ್ಚೂಕಡಿಮೆ ಅರ್ಧ. ಎರಡರಲ್ಲಿ ಒಂದನ್ನು ಆರಿಸಿದರೆ ಅಷ್ಟೇ ಬರಬೇಕು, ಅಷ್ಟೇ ಬಂದಿದೆ. ಆದ್ದರಿಂದ "ಪ್ರತಿ ಸಲ ತಪ್ಪಾದದ್ದೇ ನನ್ನ ಪಾಲಿಗೆ" ಅನ್ನುವುದು ನಿಮ್ಮ ಮನಸ್ಸಿನ ಅನಿಸಿಕೆ ಅಷ್ಟೇ. ಕೊನೆಯ ಹೆಜ್ಜೆಯಲ್ಲಿ ದೋಷವಿಲ್ಲ, ಮೊದಲ ಹೆಜ್ಜೆಯಲ್ಲಿದೆ. ಹೊಡೆಯಬಾರದ್ದನ್ನು ಹೊಡೆದಿದ್ದೀರಿ.

ಆ 11ರಲ್ಲಿ ಎರಡು ಮೂರು ಇಲ್ಲಿ ಹಾಕಿ. ಯಾವ ಕಾರಣಕ್ಕೆ ಹೊಡೆದಿರಿ ಅನ್ನುವುದನ್ನೂ ಬರೆಯಿರಿ.

ಕಿರಣ

ಒಂದು: "ಊರೂರು" ಯಾವ ಸಂಧಿ? ಆಯ್ಕೆಗಳು ಲೋಪ, ಆದೇಶ, ಸವರ್ಣದೀರ್ಘ, ಗುಣ. ರೂ ಅಂತ ದೀರ್ಘ ಕಾಣಿಸಿತು. ಉ ಮುಂದೆ ಊ ಬಂದಿದೆ, ಹಾಗಾಗಿ ಸವರ್ಣದೀರ್ಘ ಅಂತ ಬರೆದೆ. ಕೀ ಉತ್ತರದಲ್ಲಿ ಲೋಪ.

ಎರಡು: "ಮುಕ್ಕಣ್ಣ" ಯಾವ ಸಮಾಸ? ದ್ವಿಗು, ಬಹುವ್ರೀಹಿ, ಕರ್ಮಧಾರಯ, ತತ್ಪುರುಷ. ಮೂರು ಅನ್ನುವ ಸಂಖ್ಯೆ ಇದೆಯಲ್ಲ ಅಂತ ಬಹುವ್ರೀಹಿ ಮತ್ತು ತತ್ಪುರುಷ ಹೊಡೆದೆ. ದ್ವಿಗು ಬರೆದೆ. ಕೀ ಉತ್ತರದಲ್ಲಿ ಬಹುವ್ರೀಹಿ.

ಮೂರನೆಯದು "ಇವುಗಳಲ್ಲಿ ತಪ್ಪಾದ ಜೋಡಿ ಯಾವುದು" ಅಂತ. ಇಲ್ಲಿ ಪೆನ್ನು ಅಭ್ಯಾಸದಂತೆ ತಪ್ಪಾದ ಜೋಡಿಯನ್ನೇ ಹೊಡೆದು ಹಾಕಿದೆ! ಉಳಿದವುಗಳಲ್ಲಿ ಉತ್ತರ ಹುಡುಕುತ್ತಾ ಕೂತೆ. ಇಂಥವು ಎರಡು ಇದ್ದವು.

ನವೀನ್

ಊರೂರಿಗೆ ಸುಲಭದ ದಾರಿ ಇದೆ. ಪದದಲ್ಲಿ ಮಹಾಪ್ರಾಣ ಇದೆಯಾ ನೋಡಿ. ಇಲ್ಲದಿದ್ದರೆ ಕನ್ನಡ ಪದ. ಕನ್ನಡ ಪದ ಆದರೆ ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಎಲ್ಲ ಒಟ್ಟಿಗೆ ಹೊಡೆಯಬಹುದು. ನಾನು ಹಾಗೇ ಮಾಡೋದು. ಐದು ಸೆಕೆಂಡ್ ಸಾಕು.

ವ್ಯಾಕರಣದ ಮೇಷ್ಟ್ರು

ನವೀನ್, ನೀವು ಹೇಳಿದ್ದರಲ್ಲಿ ಅರ್ಧ ತುಂಬಾ ಒಳ್ಳೆಯದು. ಎರಡೂ ಕನ್ನಡ ಪದ ಅಂತ ಖಚಿತವಾದರೆ ಸಂಸ್ಕೃತ ಸಂಧಿಗಳನ್ನು ಒಟ್ಟಿಗೆ ಹೊಡೆಯಬಹುದು. ಆದರೆ ಕನ್ನಡ ಪದ ಅಂತ ತಿಳಿಯಲು ನೀವು ಹಿಡಿದ ದಾರಿ ಕೈ ಕೊಡುತ್ತದೆ. "ದೇವಾಲಯ" ತೆಗೆದುಕೊಳ್ಳಿ. ದೇವ, ಆಲಯ, ಎರಡರಲ್ಲೂ ಮಹಾಪ್ರಾಣ ಇಲ್ಲ. ನಿಮ್ಮ ಲೆಕ್ಕದಲ್ಲಿ ಅದು ಕನ್ನಡ ಆಯಿತು, ಸವರ್ಣದೀರ್ಘ ಹೋಯಿತು, ಜೊತೆಗೆ ಸರಿ ಉತ್ತರವೂ ಹೋಯಿತು. ಗುರು, ಕಮಲ, ವನ ಎಲ್ಲ ಹೀಗೇ.

ಮಹಾಪ್ರಾಣ ಇದ್ದರೆ ಬಹುಮಟ್ಟಿಗೆ ಅಚ್ಚಗನ್ನಡ ಅಲ್ಲ ಅನ್ನಬಹುದು. ಇಲ್ಲದಿದ್ದರೆ ಕನ್ನಡ ಅನ್ನಲು ಬರುವುದಿಲ್ಲ. ಒಂದು ಕಡೆಗೆ ಮಾತ್ರ ನಡೆಯುವ ನಿಯಮ ಅದು.

ಕಿರಣ್ ಅವರ ಮುಕ್ಕಣ್ಣನದ್ದೂ ಇದೇ ಕಥೆ. ಮೊದಲ ಪದದಲ್ಲಿ ಸಂಖ್ಯೆ ಇಲ್ಲ ಅಂದರೆ ದ್ವಿಗುವನ್ನು ಧೈರ್ಯವಾಗಿ ಹೊಡೆಯಿರಿ. ಆದರೆ ಸಂಖ್ಯೆ ಇದೆ ಅಂದ ಮಾತ್ರಕ್ಕೆ ಬಹುವ್ರೀಹಿಯನ್ನು ಹೊಡೆಯುವ ಹಾಗಿಲ್ಲ. ಆ ಪದ ಯಾರನ್ನು ಹೇಳುತ್ತಿದೆ ಅಂತ ಕೇಳಿಕೊಳ್ಳಿ. ಮುಮ್ಮಡಿ ಅಂದರೆ ಮೂರು ಮಡಿ. ಎಣಿಸಿದ್ದನ್ನೇ ಹೇಳುತ್ತಿದೆ, ಹಾಗಾಗಿ ದ್ವಿಗು. ಮುಕ್ಕಣ್ಣ ಅಂದಾಗ ಯಾರೂ ಕಣ್ಣುಗಳ ಬಗ್ಗೆ ಮಾತಾಡುತ್ತಿಲ್ಲ. ಮೂರು ಕಣ್ಣು ಉಳ್ಳವನು, ಶಿವ. ಎರಡು ಪದವನ್ನೂ ಬಿಟ್ಟು ಮೂರನೆಯವನು ಬಂದ.

ಇನ್ನು ಊರೂರು. ದೀರ್ಘ ಕಂಡಿತು ಅಂತ ದೀರ್ಘಸಂಧಿ ಅನ್ನುವ ಮೊದಲು ಆ ದೀರ್ಘ ಎಲ್ಲಿಂದ ಬಂತು ನೋಡಿ. ಎರಡನೆಯ "ಊರು" ಶುರುವಾಗುವುದೇ ದೀರ್ಘದಿಂದ. ಸಂಧಿ ಹೊಸದಾಗಿ ಏನೂ ಉದ್ದ ಮಾಡಿಲ್ಲ. ಮೊದಲ ಪದದ ಉ ಬಿದ್ದುಹೋಗಿದೆ ಅಷ್ಟೇ. ಅನುಮಾನ ಇದ್ದರೆ "ಊರಲ್ಲಿ" ಅಂತ ಮಾಡಿ ನೋಡಿ. ಅಲ್ಲೂ ಅದೇ ಉ ಬೀಳುತ್ತದೆ.

ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಒಂದೇ ಕೆಲಸ ಕೊಡುತ್ತೇನೆ. ಅಭ್ಯಾಸದ ಪತ್ರಿಕೆಯಲ್ಲಿ ಗೆರೆ ಎಳೆದ ಪ್ರತಿ ಆಯ್ಕೆಯ ಪಕ್ಕ ಎರಡು ಪದದಲ್ಲಿ ಕಾರಣ ಬರೆಯಬೇಕು. "ಸಂಖ್ಯೆ ಇಲ್ಲ", "ಕನ್ನಡ ಪದ", "ಕ್ರಿಯಾಪದ ಇಲ್ಲ". ಕಾರಣ ಬರೆಯಲು ಆಗದಿದ್ದರೆ ಗೆರೆ ಎಳೆಯುವ ಹಾಗಿಲ್ಲ. ಮೂರೇ ಆಯ್ಕೆ ಉಳಿದರೂ ಪರವಾಗಿಲ್ಲ. ಸರಿಯಾಗಿ ಒಂದನ್ನು ಹೊಡೆದು ಮೂರರಲ್ಲಿ ಆರಿಸಿದರೆ ಮೂರಕ್ಕೆ ಒಂದು ಬರುತ್ತದೆ. ನೀವು ಎರಡಕ್ಕೆ ಇಳಿಸಿದ 26ರಲ್ಲಿ ಬಂದದ್ದು 7, ಅದಕ್ಕಿಂತ ಕಡಿಮೆ.

ನವೀನ್

ದೇವಾಲಯ ಹೊಳೆದೇ ಇರಲಿಲ್ಲ ಸರ್. ಒಪ್ಪಿದೆ. ಆದರೆ ಕಾರಣ ಬರೆಯುತ್ತಾ ಕೂತರೆ 54 ಸೆಕೆಂಡಿನಲ್ಲಿ ಒಂದು ಪ್ರಶ್ನೆ ಮುಗಿಯುತ್ತದಾ?

ವ್ಯಾಕರಣದ ಮೇಷ್ಟ್ರು

ಬರೆಯುವುದು ಅಭ್ಯಾಸದಲ್ಲಿ ಮಾತ್ರ, ಅದೂ ಸಮಯ ನೋಡದೆ. ಹತ್ತು ಹನ್ನೆರಡು ಪತ್ರಿಕೆ ಹಾಗೆ ಮಾಡಿದ ಮೇಲೆ ಕಾರಣ ತಾನಾಗಿಯೇ ಮನಸ್ಸಿಗೆ ಬರುತ್ತದೆ. ಪರೀಕ್ಷೆಯಲ್ಲಿ ಬರೆಯಬೇಕಾಗಿಲ್ಲ.

ತಪ್ಪಾದ ಜೋಡಿ ಕೇಳುವ ಪ್ರಶ್ನೆಗಳಿಗೆ ಬೇರೆ ಗುರುತು ಇಟ್ಟುಕೊಳ್ಳಿ. ಅಲ್ಲಿ ಗೆರೆ ಎಳೆಯಲೇಬೇಡಿ. ಪ್ರತಿ ಜೋಡಿಯ ಮುಂದೆ "ಸ" ಅಥವಾ "ತ" ಬರೆಯಿರಿ. ಮೂರು "ಸ", ಒಂದು "ತ" ಬಂದರೆ ಆ "ತ" ನಿಮ್ಮ ಉತ್ತರ.

ತಾರಾ

ನನ್ನದು ಸ್ವಲ್ಪ ಬೇರೆ. ನಾನು ಬ್ಯಾಂಕ್ ಪರೀಕ್ಷೆಗೆ ಇಂಗ್ಲಿಷ್ ವ್ಯಾಕರಣ ಮಾಡುತ್ತಿದ್ದೇನೆ. ಒಂದೊಂದು ವಿಭಾಗಕ್ಕೂ ಪ್ರತ್ಯೇಕ ಸಮಯ. ಮುಗಿದರೆ ಹಿಂದಕ್ಕೆ ಹೋಗಲು ಆಗುವುದಿಲ್ಲ. ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಯಲ್ಲಿ ಕೊನೆಗೆ "ತಪ್ಪಿಲ್ಲ" ಅನ್ನುವ ಆಯ್ಕೆ ಇರುತ್ತದೆ. ಅದನ್ನು ನಾನು ನೋಡಿದ ತಕ್ಷಣ ಹೊಡೆದು ಹಾಕುತ್ತಿದ್ದೆ, ಏನೋ ತಪ್ಪು ಇದ್ದೇ ಇರುತ್ತದೆ ಅಂತ. ಕಿರಣ್ ಅವರ ಲೆಕ್ಕ ನೋಡಿ ನನ್ನ ಹಳೆಯ ಟೆಸ್ಟ್‌ಗಳನ್ನು ತೆಗೆದೆ. "ತಪ್ಪಿಲ್ಲ" ಸರಿ ಇದ್ದ ಒಂದು ಕಡೆಯೂ ನಾನು ಅದನ್ನು ಬರೆದಿಲ್ಲ! ಇಲ್ಲದ ತಪ್ಪು ಹುಡುಕುತ್ತಾ ಅಲ್ಲೇ ಜಾಸ್ತಿ ಸಮಯ ಕಳೆದಿದ್ದೇನೆ.

ವ್ಯಾಕರಣದ ಮೇಷ್ಟ್ರು

ತಾರಾ ಅವರೇ, ಒಂದು ಅಳತೆ ಇಟ್ಟುಕೊಳ್ಳಿ. ಕರ್ತೃ ಮತ್ತು ಕ್ರಿಯಾಪದ ಹೊಂದುತ್ತವಾ, ಕಾಲ ಸರಿ ಇದೆಯಾ, ಪ್ರಿಪೊಸಿಷನ್ ಸರಿ ಇದೆಯಾ, ಸರ್ವನಾಮ ಯಾರನ್ನು ತೋರಿಸುತ್ತದೆ. ಈ ನಾಲ್ಕನ್ನು ಒಮ್ಮೆ ನೋಡಿ. ಒಂದರಲ್ಲೂ ತಪ್ಪು ಕಾಣದಿದ್ದರೆ "ತಪ್ಪಿಲ್ಲ" ಬರೆದು ಮುಂದೆ ಹೋಗಿ. ಇದೇ ಸರಿ ಉತ್ತರ ಅಂತ ಅಲ್ಲ. ಆದರೆ ತಪ್ಪನ್ನು ಹೆಸರಿಟ್ಟು ಹೇಳಲು ಆಗದಿದ್ದಾಗ ಎರಡನೇ ಸಲ ಓದುವುದರಿಂದ ಹೊಸದೇನೂ ಸಿಗುವುದು ಕಡಿಮೆ.

ಕಿರಣ

ಸರ್, ಆ 11ರಲ್ಲಿ ಮೂರು ಛಂದಸ್ಸಿನವು. ಅಲ್ಲಿ ನನಗೆ ಸಮಯವೇ ದೊಡ್ಡ ಸಮಸ್ಯೆ. ಪದ್ಯದ ಒಂದು ಸಾಲು ಕೊಟ್ಟು ಯಾವ ವೃತ್ತ ಅಂತ ಕೇಳುತ್ತಾರೆ. ಪೂರ್ತಿ ಪ್ರಸ್ತಾರ ಹಾಕಿ ಗಣ ವಿಂಗಡಿಸುವಾಗ ಎರಡೂವರೆ ನಿಮಿಷ ಹೋಯಿತು. ಮಧ್ಯದಲ್ಲಿ ಒಂದು ಗುರು ತಪ್ಪಿತು, ಎಲ್ಲವೂ ಕೆಟ್ಟಿತು.

ವ್ಯಾಕರಣದ ಮೇಷ್ಟ್ರು

ಪೂರ್ತಿ ಪ್ರಸ್ತಾರ ಬೇಡ. ನಾಲ್ಕು ಆಯ್ಕೆಗಳೂ ಖ್ಯಾತ ಕರ್ನಾಟಕದ ಆರು ವೃತ್ತಗಳೊಳಗೇ ಇದ್ದರೆ ಮೊದಲ ಐದು ಅಕ್ಷರ ಸಾಕು. ಒಮ್ಮೆ ನಿಧಾನವಾಗಿ ನೋಡೋಣ.

ಮೊದಲ ಅಕ್ಷರ ಗುರುವೋ ಲಘುವೋ ನೋಡಿ. ಗುರು ಆದರೆ ಉತ್ಪಲಮಾಲೆ, ಶಾರ್ದೂಲವಿಕ್ರೀಡಿತ, ಸ್ರಗ್ಧರೆ. ಲಘು ಆದರೆ ಚಂಪಕಮಾಲೆ, ಮತ್ತೇಭವಿಕ್ರೀಡಿತ, ಮಹಾಸ್ರಗ್ಧರೆ. ಒಂದೇ ಅಕ್ಷರಕ್ಕೆ ಆರರಲ್ಲಿ ಮೂರು ಹೋದವು.

ಗುರುವಿನ ಗುಂಪಿನಲ್ಲಿ, ಒಂದು ಗುರು ಆದ ಕೂಡಲೇ ಲಘು ಬಂದರೆ ಉತ್ಪಲಮಾಲೆ. ಮೂರು ಗುರು ಆದ ಮೇಲೆ ಲಘು ಬಂದರೆ ಶಾರ್ದೂಲ. ನಾಲ್ಕು ಗುರು ಸಾಲಾಗಿ ಬಂದರೆ ಸ್ರಗ್ಧರೆ. ಲಘುವಿನ ಗುಂಪಿನಲ್ಲಿ, ನಾಲ್ಕು ಲಘು ಸಾಲಾಗಿ ಬಂದರೆ ಚಂಪಕಮಾಲೆ. ಎರಡು ಲಘು ಆಗಿ ಎರಡೇ ಗುರು ಬಂದರೆ ಮತ್ತೇಭ, ಮೂರು ಗುರು ಬಂದರೆ ಮಹಾಸ್ರಗ್ಧರೆ.

"ಮಳೆಯಲಿ" ಅಂತ ಶುರುವಾಗುವ ಸಾಲು ಅಂದುಕೊಳ್ಳಿ, ಅದರ ಮುಂದೆ ಒತ್ತಕ್ಷರ ಇಲ್ಲ. ಮ, ಳೆ, ಯ, ಲಿ ನಾಲ್ಕೂ ಲಘು. ಚಂಪಕಮಾಲೆ. ಅಲ್ಲಿಗೆ ಪೆನ್ನು ಎತ್ತಿ. ಇಪ್ಪತ್ತು ಸೆಕೆಂಡ್ ಆಗುವುದಿಲ್ಲ.

ತಪ್ಪುವುದು ಒಂದೇ ಕಡೆ. ಅಕ್ಷರ ಹ್ರಸ್ವ ಕಂಡಿತು ಅಂತ ಲಘು ಹಾಕುತ್ತಾರೆ, ಅದರ ಮುಂದಿನ ಒತ್ತಕ್ಷರ ನೋಡುವುದಿಲ್ಲ. "ಕತ್ತಲೆ" ಅಂದರೆ ಕ ಹ್ರಸ್ವವೇ, ಆದರೆ ಮುಂದೆ ತ್ತ ಇದೆ, ಹಾಗಾಗಿ ಕ ಗುರು. ಮೊದಲ ಅಕ್ಷರದಲ್ಲೇ ಇದು ತಪ್ಪಿದರೆ ಸರಿ ಉತ್ತರ ಇರುವ ಗುಂಪೇ ಹೋಗುತ್ತದೆ. ಅದಕ್ಕೇ ಮೊದಲ ಅಕ್ಷರವನ್ನು ಎರಡು ಸಲ ನೋಡಿ, ಉಳಿದವನ್ನು ಒಂದು ಸಲ ನೋಡಿದರೆ ಸಾಕು.

ಆಯ್ಕೆಯಲ್ಲಿ ಕಂದ ಅಥವಾ ಷಟ್ಪದಿ ಸೇರಿದ್ದರೆ ಈ ದಾರಿ ಸಾಲದು. ಅವು ಮಾತ್ರೆ ಎಣಿಸುವ ಪದ್ಯಗಳು. ಅಂಥ ಪ್ರಶ್ನೆಯನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.

ಮಧು

ಈ ಆರು ವೃತ್ತದ ಗುರುತು ಈಗಲೇ ಬರೆದಿಟ್ಟುಕೊಂಡೆ ಸರ್. ನನಗೆ ಬೇಕಿದ್ದದ್ದು ಇಂಥದ್ದೇ.

ನವೀನ್

ಎರಡನೇ ಸುತ್ತು ಅಂದಿರಲ್ಲ, ಅದಕ್ಕೆ ನನ್ನ ವಿರೋಧ ಇದೆ. ಒಮ್ಮೆ ಹಾಗೆ ಮಾಡಲು ಹೋಗಿ ಕಷ್ಟಪಟ್ಟಿದ್ದೇನೆ. 34ನೇ ಪ್ರಶ್ನೆ ಬಿಟ್ಟೆ. ಓಎಂಆರ್‌ನಲ್ಲಿ ಆ ಸಾಲು ಖಾಲಿ ಬಿಡಬೇಕಿತ್ತು. 35ರ ಉತ್ತರವನ್ನು 34ರಲ್ಲಿ ತುಂಬಿದೆ. ಹನ್ನೊಂದು ಪ್ರಶ್ನೆ ಹೀಗೇ ಮೇಲೆ ಮೇಲೆ ಹೋಯಿತು. ಗೊತ್ತಾದಾಗ ಬಾಲ್ ಪೆನ್ನು, ಅಳಿಸಲು ಆಗುವುದಿಲ್ಲ. ಅಂದಿನಿಂದ ಒಂದೇ ಸುತ್ತು. ಬಂದ ಪ್ರಶ್ನೆಗೆ ಅಲ್ಲೇ ತೀರ್ಮಾನ.

ಶೋಭಾ

ನನ್ನದೂ ಒಂದೇ ಸುತ್ತು. ಬಿಟ್ಟು ಹೋದದ್ದು ತಲೆಯಲ್ಲಿ ಕೊರೆಯುತ್ತಾ ಇರುತ್ತದೆ.

ವ್ಯಾಕರಣದ ಮೇಷ್ಟ್ರು

ನವೀನ್ ಹೇಳಿದ ತೊಂದರೆ ದೊಡ್ಡದು, ಒಪ್ಪುತ್ತೇನೆ. ಅದಕ್ಕೆ ನಾನು ಹೇಳುವ ದಾರಿ ಇದು. ಉತ್ತರ ಗುರುತಿಸುವುದು ಪ್ರಶ್ನೆಪತ್ರಿಕೆಯಲ್ಲಿ. ಒಂದು ಪುಟ ಮುಗಿದ ಮೇಲೆ ಆ ಪುಟದ ಉತ್ತರಗಳನ್ನು ಒಟ್ಟಿಗೆ ಓಎಂಆರ್‌ಗೆ ಇಳಿಸಿ. ತುಂಬುವಾಗ ಪ್ರಶ್ನೆ ಸಂಖ್ಯೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಪುಟದ ಕೊನೆಯ ಸಂಖ್ಯೆ ಎರಡೂ ಕಡೆ ಒಂದೇ ಇದ್ದರೆ ಸರಿ ಇದೆ ಅಂತ ಅರ್ಥ. ತಪ್ಪಾಗಿದ್ದರೂ ಆ ಪುಟದಲ್ಲೇ ಸಿಕ್ಕಿಬೀಳುತ್ತದೆ.

ಸಮಯವನ್ನು ನಾನು ಹೀಗೆ ಹಂಚುತ್ತೇನೆ. ಮೊದಲ ಸುತ್ತಿಗೆ 55 ನಿಮಿಷ, ನೋಡಿದ ಕೂಡಲೇ ಗೊತ್ತಾಗುವುದು ಮಾತ್ರ. ತತ್ಸಮ ತದ್ಭವ, ಸಮಾನಾರ್ಥಕ, ಗಾದೆ ನುಡಿಗಟ್ಟುಗಳಿಗೆ ಹದಿನೈದು ಸೆಕೆಂಡ್ ಸಾಕು. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಕೂತು ಯೋಚಿಸಿದರೂ ಹುಟ್ಟುವುದಿಲ್ಲ. ಆದರೆ ಸಂಧಿ, ಸಮಾಸ ಹಾಗಲ್ಲ, ಬಿಡಿಸಿದರೆ ಸಿಗುತ್ತವೆ. ಎರಡನೇ ಸುತ್ತಿನ 25 ನಿಮಿಷ ಅವುಗಳಿಗೆ, ಛಂದಸ್ಸಿಗೆ. ಕೊನೆಯ 10 ನಿಮಿಷ ಉಳಿದದ್ದನ್ನು ತುಂಬಲು ಮತ್ತು ಸಂಖ್ಯೆ ತಾಳೆ ನೋಡಲು. ಕೆಲವು ಪರೀಕ್ಷೆಗಳಲ್ಲಿ ಬಿಟ್ಟ ಪ್ರಶ್ನೆಗೂ ಐದನೇ ಗೋಲ ತುಂಬಬೇಕು. ಅಲ್ಲಿ ಈ ಹತ್ತು ನಿಮಿಷ ಇಲ್ಲದಿದ್ದರೆ ಒದ್ದಾಡಬೇಕಾಗುತ್ತದೆ.

ನವೀನ್

ಪುಟ ಪುಟವಾಗಿ ತುಂಬುವುದು ಮಾಡಿ ನೋಡುತ್ತೇನೆ. ಎರಡು ಸುತ್ತಿನ ವಿಷಯದಲ್ಲಿ ಇನ್ನೂ ಮನಸ್ಸು ಒಪ್ಪಿಲ್ಲ ಸರ್.

ತಾರಾ

ವಿಭಾಗಕ್ಕೆ 20 ನಿಮಿಷ ಅಷ್ಟೇ ಇರುವ ಕಡೆ ನಾನೂ ಒಂದೇ ಸುತ್ತು ಮಾಡುವುದು. ಎರಡನೇ ಸುತ್ತಿಗೆ ಮೂರು ನಿಮಿಷ ಉಳಿದರೆ ಜಾಸ್ತಿ.

ಕಿರಣ

ಒಂದು ಕೊನೆಯ ಅನುಮಾನ. "ಮರದಿಂದ ಹಣ್ಣು ಬಿದ್ದಿತು" ಇದರಲ್ಲಿ ಮರದಿಂದ ಯಾವ ವಿಭಕ್ತಿ? ತೃತೀಯಾ, ಪಂಚಮೀ ಎರಡೂ ಆಯ್ಕೆಯಲ್ಲಿ ಇದ್ದವು. ಪ್ರತ್ಯಯ "ಇಂದ" ಇದೆ, ಅದಕ್ಕೆ ತೃತೀಯಾ ಬರೆದೆ. ಕೀ ಉತ್ತರದಲ್ಲಿ ಪಂಚಮೀ.

ಶೋಭಾ

ಪ್ರತ್ಯಯ ನೋಡಿ ಹೇಳಬೇಕು. ಪಂಚಮಿಯ ಪ್ರತ್ಯಯ "ದೆಸೆಯಿಂದ". ಇಲ್ಲಿ ಇರುವುದು "ಇಂದ". ತೃತೀಯವೇ ಸರಿ. ಆಕ್ಷೇಪಣೆ ಹಾಕಿ.

ವ್ಯಾಕರಣದ ಮೇಷ್ಟ್ರು

ಇಲ್ಲಿ ಶೋಭಾ ಅವರ ಮಾತಿಗೂ ಬಲ ಇದೆ. ರೂಪ ನೋಡಿದರೆ ತೃತೀಯಾ. ಅರ್ಥ ನೋಡಿದರೆ ಹಣ್ಣು ಮರವನ್ನು ಬಿಟ್ಟು ಬಂದಿದೆ, ಅದು ಅಪಾದಾನ, ಹಾಗಾಗಿ ಪಂಚಮೀ. ಇಂದಿನ ಕನ್ನಡದಲ್ಲಿ "ಮರದ ದೆಸೆಯಿಂದ ಹಣ್ಣು ಬಿತ್ತು" ಅಂತ ಯಾರೂ ಹೇಳುವುದಿಲ್ಲ. ಪ್ರಶ್ನೆ "ಯಾವ ಪ್ರತ್ಯಯ" ಅಂತ ಕೇಳಿದರೆ ನಾನು ತೃತೀಯಾ ಕಡೆ. "ಯಾವ ಕಾರಕಾರ್ಥ" ಅಂತ ಕೇಳಿದರೆ ಅಪಾದಾನ. ಬರೀ "ಯಾವ ವಿಭಕ್ತಿ" ಅಂತ ಬಿಟ್ಟರೆ ಎರಡಕ್ಕೆ ಇಳಿಸಿ ಒಂದನ್ನು ಬರೆಯಿರಿ, ಅದರ ಮೇಲೆ ಒಂದು ನಿಮಿಷವೂ ಹೆಚ್ಚು ಖರ್ಚು ಮಾಡಬೇಡಿ.

ಶೋಭಾ

ನಾನು ತೃತೀಯಾ ಅಂತಲೇ ಬರೆಯುತ್ತೇನೆ. ಆದರೆ ಒಂದು ಮಾತು. ನನ್ನ ಹಳೆಯ ಮೂರು ಪತ್ರಿಕೆಗಳಲ್ಲಿ ಬಿಟ್ಟ ಪ್ರಶ್ನೆಗಳಲ್ಲಿ ಹಲವಕ್ಕೆ ಈಗ ಕೂತು ಉತ್ತರ ಬರೆದೆ, ಕೀ ನೋಡದೆ. 82 ಪ್ರಶ್ನೆಗಳಲ್ಲಿ 33 ಸರಿ ಬಂದಿವೆ. ಕಡಿತ ಕಳೆದರೂ ಇಪ್ಪತ್ತು ಅಂಕ ದಾಟುತ್ತದೆ. ಇಷ್ಟು ದಿನ ಸುಮ್ನೆ ಬಿಟ್ಟೆನಲ್ಲ ಅನಿಸುತ್ತಿದೆ.

ಕಿರಣ

ಹೊಸ ಮಾಕ್ ಬರೆದೆ. ಎರಡಕ್ಕೆ ಇಳಿಸಿದ್ದು ಈ ಸಲ 17 ಮಾತ್ರ, ಕಾರಣ ಹೊಳೆಯದ ಕಡೆ ಗೆರೆ ಎಳೆಯಲಿಲ್ಲ. 9 ಸರಿ, 8 ತಪ್ಪು. ಸರಿ ಉತ್ತರವನ್ನೇ ಹೊಡೆದದ್ದು ಎರಡು ಕಡೆ. ಎರಡೂ ಸಮಾಸ. ಒಂದು "ಮುಂಗೈ". ಅಂಶಿ ಸಮಾಸ ಅಂತ ಹೊಳೆಯದೆ ತತ್ಪುರುಷ ಬರೆದೆ. ಛಂದಸ್ಸಿನ ಎರಡೂ ಸರಿ. ಆದರೆ ಮೊದಲ ಸುತ್ತಿಗೇ 68 ನಿಮಿಷ ಹೋಯಿತು, ಕೊನೆಯ ಆರು ಪ್ರಶ್ನೆ ಓದಲೂ ಆಗಲಿಲ್ಲ.

ವ್ಯಾಕರಣದ ಮೇಷ್ಟ್ರು

ಮುಂಗೈಗೆ "ಕೈಯ ಮುಂದು" ಅಂತ ಬಿಡಿಸಿ ನೋಡಿ. ಮುಂದು ಅನ್ನುವುದು ಕೈಯ ಒಂದು ಭಾಗ. ಭಾಗವನ್ನು ಹೇಳುವ ಪದ ಮೊದಲು ಬಂದರೆ ಅಂಶಿಯನ್ನು ಹೊಡೆಯುವ ಮುಂಚೆ ನಿಲ್ಲಿ. 68 ನಿಮಿಷ ಎಲ್ಲಿ ಹೋಯಿತು ಅಂತ ಪುಟವಾರು ಹೇಳಿ. ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳನ್ನು ಮೊದಲೇ ಮಾಡಿದಿರಾ?

ಕಿರಣ

ಹೌದು ಸರ್, ಶುರುವಿನಲ್ಲೇ ಮಾಡಿದೆ. ಎರಡು ಗದ್ಯಕ್ಕೆ 21 ನಿಮಿಷ.